ಅಕ್ಷವನ್ನು ಮುಟ್ಟಿ ಹಿಂತಿರುಗುವ ನಕ್ಷೆ

x³ − 3x² + 4 = 0 ಎಂಬ ಸಮೀಕರಣದ ಮೂಲಗಳನ್ನು ಬೆಲೆಗಳ ಪಟ್ಟಿ ಹಾಕಿ ಹುಡುಕೋಣ. x ಜಾಗದಲ್ಲಿ −1.5 ಇಟ್ಟರೆ ಎಡಭಾಗದ ಬೆಲೆ −6.125, −0.5 ಇಟ್ಟರೆ 3.125. ಋಣ ಇದ್ದದ್ದು ಧನ ಆಯಿತೆಂದರೆ ನಡುವೆ ಎಲ್ಲೋ ಸೊನ್ನೆಯನ್ನು ದಾಟಿರಲೇಬೇಕು. ಹುಡುಕಿದರೆ −1 ಸಿಗುತ್ತದೆ. ಮುಂದುವರಿಸಿ: 0.5ಕ್ಕೆ 3.375, 1.5ಕ್ಕೆ 0.625, 2.5ಕ್ಕೆ 0.875, 3.5ಕ್ಕೆ 10.125. ಎಲ್ಲವೂ ಧನ. ಇನ್ನು ಮೂಲವಿಲ್ಲ ಎಂದು ಪುಸ್ತಕ ಮಡಚಬಹುದು. ಆದರೆ x = 2 ಇಟ್ಟು ನೋಡಿದರೆ 8 − 12 + 4, ಅಂದರೆ ಸೊನ್ನೆ! ಚಿಹ್ನೆ ಬದಲಾದ ಕಡೆಯಷ್ಟೇ ಹುಡುಕುವ ಕಂಪ್ಯೂಟರ್ ಪ್ರೋಗ್ರಾಮ್‌ಗಳೂ ಇದನ್ನು ಹೀಗೆಯೇ ಕಳೆದುಕೊಳ್ಳುತ್ತವೆ.

ಆ ಮೂಲ ಹೇಗೆ ಅಡಗಿತ್ತು ಎಂಬುದು ಅಪವರ್ತಿಸಿದಾಗ ತಿಳಿಯುತ್ತದೆ. ನಮ್ಮ ಬಹುಪದೋಕ್ತಿ (x + 1)(x − 2)². ಇಲ್ಲಿ (x + 1) ಒಂದು ಸಲ ಬಂದಿದೆ, (x − 2) ಎರಡು ಸಲ. ಒಂದು ಮೂಲದ ಅಪವರ್ತನ ಎಷ್ಟು ಸಲ ಬರುತ್ತದೋ ಅದು ಆ ಮೂಲದ ಆವರ್ತನ ಸಂಖ್ಯೆ. ಅದು ಸಮವೋ ಬೆಸವೋ ಎಂಬುದರ ಮೇಲೆ, ನಕ್ಷೆ x-ಅಕ್ಷವನ್ನು ಸೇರಿದ ಮೇಲೆ ಏನು ಮಾಡುತ್ತದೆ ಎನ್ನುವುದು ನಿಂತಿದೆ.

2ರ ಅಕ್ಕಪಕ್ಕಕ್ಕೆ ಹೋಗೋಣ. ಅಲ್ಲಿ (x + 1)ರ ಬೆಲೆ ಹೆಚ್ಚುಕಡಿಮೆ 3. ಅದರ ಚಿಹ್ನೆ ಸುತ್ತಮುತ್ತ ಬದಲಾಗುವುದಿಲ್ಲ, ಆದ್ದರಿಂದ ಆಟವೆಲ್ಲ (x − 2)²ರದ್ದು. x = 1.9 ಆದಾಗ (x − 2) ಎಂದರೆ −0.1, ವರ್ಗ ಮಾಡಿದರೆ ಋಣ ಚಿಹ್ನೆ ಅಳಿದು 0.01 ಉಳಿಯುತ್ತದೆ. ಬೆಲೆ 0.029. ಆಚೆ ಬದಿ 2.1ರಲ್ಲಿ 0.031. ಎರಡೂ ಕಡೆ ಧನವೇ. ಹೀಗಾಗಿ ನಕ್ಷೆ ಮೇಲಿನಿಂದ ಇಳಿದು ಬಂದು ಅಕ್ಷವನ್ನು ಮುಟ್ಟಿ ಮತ್ತೆ ಮೇಲಕ್ಕೇ ಹೋಗುತ್ತದೆ. −1ರ ಬಳಿ ಹಾಗಲ್ಲ: −1.1ರಲ್ಲಿ −0.961, −0.9ರಲ್ಲಿ 0.841. ಒಂಟಿ ಅಪವರ್ತನದ ಚಿಹ್ನೆಯನ್ನು ಅಳಿಸುವವರು ಯಾರೂ ಇಲ್ಲದ್ದರಿಂದ ನಕ್ಷೆ ಅಕ್ಷವನ್ನು ಸೀಳಿಕೊಂಡು ದಾಟುತ್ತದೆ.

ಹಾಗಾದರೆ ಮೂರು ಸಲ ಬಂದರೆ? (x + 1)(x − 2)³ ತೆಗೆದುಕೊಂಡರೆ 1.9ರಲ್ಲಿ −0.0029, 2.1ರಲ್ಲಿ 0.0031. ಋಣದ ಘನ ಋಣವೇ ಆದ್ದರಿಂದ ನಕ್ಷೆ ದಾಟುತ್ತದೆ. ಆದರೆ ದಾಟುವ ರೀತಿ ನೋಡಿ: ಬೆಲೆಗಳು ಎಷ್ಟು ಚಿಕ್ಕವೆಂದರೆ, ರೇಖೆ ಅಕ್ಷದ ಮೇಲೆ ಸ್ವಲ್ಪ ಹೊತ್ತು ಮಲಗಿ ಎದ್ದು ಹೋದಂತೆ ಕಾಣುತ್ತದೆ. ಸಮ-ಬೆಸ ದಿಕ್ಕನ್ನಷ್ಟೇ ಹೇಳುತ್ತದೆ. ರೇಖೆ ಎಷ್ಟು ಚಪ್ಪಟೆಯಾಗುತ್ತದೆ ಎನ್ನುವುದನ್ನು ಆವರ್ತನ ಸಂಖ್ಯೆಯ ಗಾತ್ರ ಹೇಳುತ್ತದೆ. ನಾಲ್ಕು ಸಲ ಬಂದ ಮೂಲವೂ ಎರಡು ಸಲ ಬಂದದ್ದರಂತೆ ಹಿಂತಿರುಗುತ್ತದೆ, ಆದರೆ ಅದರ ತಳ ಇನ್ನೂ ಅಗಲ.

ಮುಟ್ಟಿ ಹಿಂತಿರುಗುವ ಮೂಲಕ್ಕೆ ಇನ್ನೊಂದು ದೌರ್ಬಲ್ಯವಿದೆ, ನನಗೆ ಇದೇ ಹೆಚ್ಚು ಕುತೂಹಲದ ಸಂಗತಿ. ನಮ್ಮ ಸಮೀಕರಣದ ಕೊನೆಯ 4 ಅಳತೆಯಿಂದ ಬಂದದ್ದು, ಅದರಲ್ಲಿ ಅತಿ ಸಣ್ಣ ತಪ್ಪಿದೆ ಎಂದುಕೊಳ್ಳಿ. 4ರ ಬದಲು 4.01 ಆದರೆ ನಕ್ಷೆ ಇಡಿಯಾಗಿ ಕೂದಲೆಳೆಯಷ್ಟು ಮೇಲೇರುತ್ತದೆ, 2ರ ಬಳಿ ಅಕ್ಷವನ್ನು ಮುಟ್ಟುವುದೇ ಇಲ್ಲ, ಅಲ್ಲಿನ ವಾಸ್ತವ ಮೂಲ ಮಾಯ. 3.99 ಆದರೆ ಅದೇ ಜಾಗದಲ್ಲಿ ಎರಡು ಮೂಲಗಳು, ಸುಮಾರು 1.94 ಮತ್ತು 2.06. ನೂರನೇ ಒಂದರಷ್ಟು ತಪ್ಪಿಗೆ ಮೂಲ ಅದರ ಆರು ಪಟ್ಟು ದೂರ ಸರಿಯಿತು. ಅದೇ ತಪ್ಪಿಗೆ ಒಂಟಿ ಮೂಲ −1 ಸರಿಯುವುದು ಸಾವಿರದಲ್ಲಿ ಒಂದರಷ್ಟು ಮಾತ್ರ. ಆದ್ದರಿಂದ ಕಂಪ್ಯೂಟರ್ ಪರದೆಯಲ್ಲಿ ರೇಖೆ ಅಕ್ಷವನ್ನು ಮುಟ್ಟಿದಂತೆ ಕಂಡಿತು ಎಂಬುದನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ಮುಟ್ಟಿರಬಹುದು, ತುಸುವೇ ಮೇಲೆ ತೇಲುತ್ತಿರಬಹುದು, ಎರಡು ಕಡೆ ದಾಟಿರಲೂಬಹುದು.

ಖಚಿತ ಸಹಗುಣಕಗಳು ಕೈಯಲ್ಲಿದ್ದರೆ ಅಪವರ್ತಿಸದೆಯೂ ಇದನ್ನು ತೀರ್ಮಾನಿಸಬಹುದು. ಡಚ್ ಗಣಿತಜ್ಞ ಯೊಹಾನ್ ಹುಡ್ಡೆ, ಮುಂದೆ ಆಮ್‌ಸ್ಟರ್‌ಡ್ಯಾಮ್ ನಗರದ ಮೇಯರ್ ಆದವನು, ಇದಕ್ಕೊಂದು ಸುಲಭ ಉಪಾಯ ಕೊಟ್ಟ. ಡೆಕಾರ್ಟೆಯ ರೇಖಾಗಣಿತದ ಲ್ಯಾಟಿನ್ ಆವೃತ್ತಿಯ ಜೊತೆ 1659ರಲ್ಲಿ ಅದು ಅಚ್ಚಾಯಿತು. ಸಹಗುಣಕಗಳನ್ನು ಸಾಲಾಗಿ ಬರೆಯಿರಿ, ಇಲ್ಲದ ಪದಕ್ಕೆ ಸೊನ್ನೆ ಇಡಿ: 1, −3, 0, 4. ಅವನ್ನು ಕ್ರಮವಾಗಿ 3, 2, 1, 0ಯಿಂದ ಗುಣಿಸಿ. ಬರುವುದು 3, −6, 0, 0, ಅಂದರೆ 3x³ − 6x², ಅಥವಾ 3x²(x − 2). ಎರಡು ಸಲ ಬಂದ ಮೂಲ ಈ ಹೊಸ ಬಹುಪದೋಕ್ತಿಯನ್ನೂ ಸೊನ್ನೆ ಮಾಡಲೇಬೇಕು. 2 ಮಾಡುತ್ತದೆ. −1 ಇಟ್ಟರೆ −9 ಬರುತ್ತದೆ, ಹಾಗಾಗಿ ಅದು ಒಂಟಿ. ಕಲನಶಾಸ್ತ್ರ ಬಲ್ಲವರು ಇದರಲ್ಲಿ ನಿಷ್ಪನ್ನವನ್ನು x ನಿಂದ ಗುಣಿಸಿದ ರೂಪವನ್ನು ಗುರುತಿಸುತ್ತಾರೆ. ನ್ಯೂಟನ್ ಮತ್ತು ಲೈಬ್ನಿಟ್ಸರ ಕಲನಶಾಸ್ತ್ರ ಆಗಿನ್ನೂ ಹುಟ್ಟಿರಲಿಲ್ಲ.