ಕ್ಷೌರದ ಬೆಲೆ ದೇಶದಿಂದ ದೇಶಕ್ಕೆ ಏಕೆ ಬದಲಾಗುತ್ತದೆ?

ಬೆಂಗಳೂರಿನ ನಗರ ರೈಲು ನಿಲ್ದಾಣದಿಂದ ಕೊಂಚ ಪಶ್ಚಿಮಕ್ಕೆ ನಡೆದರೆ ಬಿನ್ನಿಪೇಟೆ ಸಿಕ್ಕುವುದು. ಈ ಪೇಟೆಗೆ ಹೆಸರು ಬಂದದ್ದು ಒಂದು ಬಟ್ಟೆ ಗಿರಣಿಯಿಂದ. 1884ರಲ್ಲಿ ಸ್ಥಾಪನೆಯಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯನ್ನು ಎರಡು ವರ್ಷಗಳ ಬಳಿಕ ಬಿನ್ನಿ ಕಂಪನಿಯು ವಹಿಸಿಕೊಂಡಿತು. ಅಲ್ಲಿ ನೆಯ್ದ ಬಟ್ಟೆ ದೂರ ದೂರದ ಊರುಗಳಿಗೆ ಹೋಗುತ್ತಿತ್ತು. ಅದನ್ನು ನೆಯ್ದವರ ತಲೆಕೂದಲನ್ನು ಕತ್ತರಿಸುತ್ತಿದ್ದ ಕ್ಷೌರಿಕನ ಕೆಲಸ ಮಾತ್ರ ಆ ಬೀದಿಯನ್ನು ದಾಟಿ ಎಲ್ಲಿಗೂ ಹೋಗಲಿಲ್ಲ; ಹೋಗುವುದು ಸಾಧ್ಯವೂ ಇರಲಿಲ್ಲ. ಇಂದು ಗಿರಣಿಯ ನೆಲದ ಮೇಲೆ ಬಹುಮಹಡಿ ಮನೆಗಳು ಎದ್ದಿವೆ. ಆದರೂ ಬಟ್ಟೆಗೂ ಕ್ಷೌರಕ್ಕೂ ಇರುವ ಈ ಒಂದು ಭೇದವನ್ನು ಹಿಡಿದು ಹೊರಟರೆ, ಅರ್ಥಶಾಸ್ತ್ರದ ಒಂದು ವಿಚಿತ್ರವಾದ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಪ್ರಶ್ನೆ ಇದು. ಅಮೆರಿಕಕ್ಕೆ ಹೋದ ನಮ್ಮ ವಿದ್ಯಾರ್ಥಿಗಳು ಅಲ್ಲಿನ ಕ್ಷೌರದ ದರವನ್ನು ಕೇಳಿ ಬೆಚ್ಚುತ್ತಾರೆ. ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡಿದರೆ ಅದು ಇಲ್ಲಿಯದರ ಹಲವು ಪಟ್ಟು. ಆದರೆ ಅಂಗಿಯ ಬಟ್ಟೆಗೋ ಗಡಿಯಾರಕ್ಕೋ ಅಷ್ಟು ಅಂತರ ಕಾಣುವುದಿಲ್ಲ. ಅಲ್ಲಿಯ ಕ್ಷೌರಿಕನೇನು ಹೆಚ್ಚು ನಿಪುಣನೆ? ಅಲ್ಲ. ಅವನ ಕೈಯಲ್ಲಿರುವುದೂ ಅದೇ ಕತ್ತರಿ, ಅದೇ ಬಾಚಣಿಗೆ. ದಿನಕ್ಕೆ ಅವನು ಕತ್ತರಿಸುವ ತಲೆಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದರೆ ಈ ಬೆಲೆ ಎಲ್ಲಿಂದ ಬಂತು?

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಇದರಲ್ಲಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿಕೊಂಡವು. ಬೆಂಗಳೂರಿನ ನೇಕಾರನೊಬ್ಬನು ದಿನಕ್ಕೆ 10 ಮೀಟರ್ ಬಟ್ಟೆಯನ್ನು ನೆಯ್ಯುತ್ತಾನೆ. ಅಮೆರಿಕದ ನೇಕಾರನಿಗೆ ಹೆಚ್ಚು ವೇಗದ ಯಂತ್ರಗಳಿವೆ. ಅವನು 100 ಮೀಟರ್ ನೆಯ್ಯುತ್ತಾನೆ. ಬಟ್ಟೆ ಹಡಗನ್ನೇರಿ ಎಲ್ಲಿಗೆ ಬೇಕಾದರೂ ಹೋಗಬಲ್ಲ ಸರಕು. ಒಂದು ದೇಶದಲ್ಲಿ ಅದು ಅಗ್ಗವಾದರೆ ವರ್ತಕರು ಅಲ್ಲಿ ಕೊಂಡು ಬೇರೆಡೆ ಮಾರುತ್ತಾರೆ. ಕೊಳ್ಳಲು ಆ ದೇಶದ ನಾಣ್ಯ ಬೇಕಾದ್ದರಿಂದ ಅದರ ಬೆಲೆಯೂ ಏರುತ್ತದೆ. ಸಾಗಣೆಯ ವೆಚ್ಚವನ್ನೂ ಸುಂಕವನ್ನೂ ಬದಿಗಿಟ್ಟರೆ, ಕೊನೆಗೆ ಬಟ್ಟೆಯ ಬೆಲೆ ಎರಡು ಕಡೆಯೂ ಒಂದೇ ಆಗುವುದು. ಅಮೆರಿಕದಲ್ಲಿ ಮೀಟರಿಗೆ 1 ಡಾಲರ್, ಇಲ್ಲಿ 80 ರೂಪಾಯಿ ಎಂದಿಟ್ಟುಕೊಳ್ಳಿ. ಆಗ ಡಾಲರಿನ ವಿನಿಮಯ ದರ 80 ರೂಪಾಯಿ ಎಂದಾಯಿತು. ಈ ದರವನ್ನು ನಿಶ್ಚಯಿಸಿದ್ದು ಬಟ್ಟೆ; ಕ್ಷೌರವಲ್ಲ. ಇದನ್ನು ನೆನಪಿನಲ್ಲಿಡಬೇಕು.

ಈಗ ಕೂಲಿಯನ್ನು ನೋಡೋಣ. ನೂಲಿನ ಬೆಲೆ ಮೊದಲಾದವನ್ನು ಲೆಕ್ಕಕ್ಕೆ ತಾರದೆ ಇದ್ದರೆ ನಮ್ಮ ನೇಕಾರನ ದಿನಗೂಲಿ 800 ರೂಪಾಯಿ, ಅಮೆರಿಕದವನದು 100 ಡಾಲರ್. ಪಕ್ಕದ ಬೀದಿಯ ಕ್ಷೌರಿಕನಿಗೆ ನೇಕಾರನಷ್ಟೇ ಸಂಪಾದನೆ ಬಾರದಿದ್ದರೆ ಅವನು, ಅವನಲ್ಲದಿದ್ದರೆ ಅವನ ಮಗನು, ಕತ್ತರಿಯನ್ನಿಟ್ಟು ಗಿರಣಿ ಸೇರುವನು. ಕ್ಷೌರಿಕರು ವಿರಳವಾದಂತೆ ಗಿರಾಕಿಗಳು ಹೆಚ್ಚು ಹಣ ಕೊಡಲು ಮುಂದಾಗುವರು. ಹೀಗೆ ಎರಡು ಕಸುಬುಗಳ ಸಂಪಾದನೆ ಸಮೀಪಕ್ಕೆ ಬರುವುದು. ಎರಡು ದೇಶಗಳಲ್ಲಿಯೂ ಕ್ಷೌರಿಕನು ದಿನಕ್ಕೆ 10 ತಲೆಗಳನ್ನು ಕತ್ತರಿಸಿದರೆ, ಇಲ್ಲಿ ಒಂದು ಕ್ಷೌರಕ್ಕೆ 80 ರೂಪಾಯಿ, ಅಲ್ಲಿ 10 ಡಾಲರ್, ಎಂದರೆ 800 ರೂಪಾಯಿ. ಅಮೆರಿಕದ ಕ್ಷೌರಿಕನ ಕೈ ಚುರುಕಾಗಲಿಲ್ಲ. ಅವನ ನೆರೆಯವನ ಮಗ್ಗ ಚುರುಕಾಯಿತು. ಆ ಮಗ್ಗದ ಫಲವೇ ಅವನ ದರದಲ್ಲಿ ಕಾಣಿಸಿಕೊಂಡಿತು.

ಇಷ್ಟರಿಂದಲೇ ಇನ್ನೊಂದು ಸ್ವಾರಸ್ಯ ಹೊರಬೀಳುತ್ತದೆ. ಅಮೆರಿಕದವನ 100 ಡಾಲರನ್ನು ವಿನಿಮಯ ದರದಂತೆ ಲೆಕ್ಕ ಹಾಕಿದರೆ 8,000 ರೂಪಾಯಿ. ಅವನು ನಮ್ಮವನಿಗಿಂತ ಹತ್ತು ಪಟ್ಟು ಶ್ರೀಮಂತನೆಂದು ತೋರುವುದು. ಆದರೆ ಇಬ್ಬರ ಸಂಸಾರಕ್ಕೂ 5 ಮೀಟರ್ ಬಟ್ಟೆ ಮತ್ತು 5 ಕ್ಷೌರಗಳ ಒಂದು ಬುಟ್ಟಿ ಬೇಕೆನ್ನೋಣ. ಇಲ್ಲಿ ಅದರ ಬೆಲೆ 400 ಮತ್ತು 400, ಒಟ್ಟು 800 ರೂಪಾಯಿ. ದಿನಗೂಲಿಯಲ್ಲಿ ಸರಿಯಾಗಿ ಒಂದು ಬುಟ್ಟಿ. ಅಲ್ಲಿ 5 ಮತ್ತು 50, ಒಟ್ಟು 55 ಡಾಲರ್; ದಿನಗೂಲಿಯಲ್ಲಿ ಸುಮಾರು 1.8 ಬುಟ್ಟಿ. ಹತ್ತು ಪಟ್ಟೆಂದು ಕಂಡ ಅಂತರ ಎರಡು ಪಟ್ಟಿಗಿಂತ ಕೆಳಗಿಳಿಯಿತು! ನಿಜಜೀವನದಲ್ಲಿ ಅಂತರ ಇಷ್ಟು ಕುಗ್ಗುವುದಿಲ್ಲ. ಖರ್ಚಿನ ಅರ್ಧವನ್ನು ಕ್ಷೌರಕ್ಕೆ ಸುರಿಯುವ ಸಂಸಾರ ಎಲ್ಲಿಯೂ ಇಲ್ಲ. ಆದರೆ ಕುಗ್ಗುವುದಂತೂ ದಿಟ. 2017ರಲ್ಲಿ ನಡೆದ ಅಂತರರಾಷ್ಟ್ರೀಯ ಬೆಲೆ ಹೋಲಿಕೆಯ ಪ್ರಕಾರ, ಅಮೆರಿಕದಲ್ಲಿ ಒಂದು ಡಾಲರಿಗೆ ಸಿಕ್ಕುವಷ್ಟು ವಸ್ತು ಮತ್ತು ಸೇವೆಗಳು ಭಾರತದಲ್ಲಿ 20.65 ರೂಪಾಯಿಗೆ ಸಿಕ್ಕುತ್ತಿದ್ದವು. ಅದೇ ವರ್ಷ ಪೇಟೆಯಲ್ಲಿ ಒಂದು ಡಾಲರಿಗೆ 65.12 ರೂಪಾಯಿ ತೆರಬೇಕಾಗಿತ್ತು.

ಈ ವಿಚಾರವನ್ನು ಬ್ರಿಟನ್ನಿನ ರಾಯ್ ಹ್ಯಾರಡ್ 1933ರಲ್ಲಿಯೇ ಸೂಚಿಸಿದ್ದನು. 1964ರಲ್ಲಿ ಹಂಗೆರಿ ಮೂಲದ ಬೇಲಾ ಬಲಾಶ್ಶ ಮತ್ತು ಅಮೆರಿಕದ ಪಾಲ್ ಸ್ಯಾಮ್ಯುಯೆಲ್ಸನ್ ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ಅಂದಿನಿಂದ ಅದಕ್ಕೆ ಅವರಿಬ್ಬರ ಹೆಸರೇ ನಿಂತಿದೆ. ಪಾಪ, ಹ್ಯಾರಡ್‌ನನ್ನು ನೆನೆಯುವವರು ಕಡಿಮೆ.

ಬೆಂಗಳೂರಿನಲ್ಲಿ ಗಿರಣಿಯ ಸ್ಥಾನಕ್ಕೆ ಇಂದು ಸಾಫ್ಟ್‌ವೇರ್ ಬಂದಿದೆ. ಅದಕ್ಕೆ ಹಡಗು ಕೂಡ ಬೇಡ. ತಂತಿಯಲ್ಲಿಯೇ ಸಾಗರವನ್ನು ದಾಟುತ್ತದೆ. ಆದುದರಿಂದ ಅದರ ಬೆಲೆ ಜಗತ್ತಿನ ಪೇಟೆಯಲ್ಲಿ ನಿಶ್ಚಯವಾಗಿ, ಅದನ್ನು ಬರೆಯುವವರ ಸಂಬಳವನ್ನು ಮೇಲಕ್ಕೆಳೆಯುತ್ತದೆ. ಇಲ್ಲಿ ಚುರುಕಾದ ವಾಚಕರು ಆಕ್ಷೇಪಿಸಬಹುದು: ನೇಕಾರನಾಗಬಲ್ಲ ಕ್ಷೌರಿಕ ಎಂಜಿನಿಯರನಾಗಬಲ್ಲನೆ? ನೇರವಾಗಿ ಆಗಲಾರ. ಆದರೆ ಎಂಜಿನಿಯರುಗಳಿಗೆ ಮನೆ ಕಟ್ಟುವವರು ಬೇಕು, ಕಾರು ನಡೆಸುವವರು ಬೇಕು, ಕಚೇರಿಗೆ ಕಾವಲುಗಾರರು ಬೇಕು. ಕ್ಷೌರಿಕನ ಮಗನಿಗೆ ತೆರೆದಿರುವ ಬಾಗಿಲುಗಳು ಇವು. ಇಲ್ಲಿ ಕೂಲಿ ಏರಿದರೆ ಕ್ಷೌರದಂಗಡಿಯಲ್ಲಿಯೂ ಏರಲೇಬೇಕು. ಸರಪಣಿ ಉದ್ದವಾಯಿತು, ಕಡಿದುಹೋಗಲಿಲ್ಲ. ಉದ್ದವಾದಷ್ಟೂ ಎಳೆತದ ಬಲ ತಗ್ಗುವುದೆಂಬುದು ಮಾತ್ರ ನಿಜ.

ಹಾಗೆಂದು ದರ ಏರಿದಾಗಲೆಲ್ಲ ಇದೇ ಕಾರಣವೆನ್ನಲಾಗದು. ಪರೀಕ್ಷಿಸುವ ಉಪಾಯ ಸುಲಭವಾಗಿದೆ. ಒಂದು ಅಂಗಿಯ ಬಟ್ಟೆಯ ಬೆಲೆಗೆ ಎಷ್ಟು ಕ್ಷೌರಗಳಾಗುತ್ತಿದ್ದವು, ಈಗ ಎಷ್ಟಾಗುತ್ತವೆ ಎಂದು ಮನೆಯ ಹಿರಿಯರನ್ನು ಕೇಳಿ ಲೆಕ್ಕ ಹಾಕಿರಿ. ಎರಡರ ಬೆಲೆಯೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಅದು ಬರಿಯ ಹಣದುಬ್ಬರ. ಒಂದು ಅಂಗಿಗೆ ಸಮನಾದ ಕ್ಷೌರಗಳ ಸಂಖ್ಯೆ ಇಳಿಯುತ್ತ ಬಂದಿದ್ದರೆ ಬಲಾಶ್ಶ ಮತ್ತು ಸ್ಯಾಮ್ಯುಯೆಲ್ಸನ್ನರನ್ನು ನೆನೆಯಬಹುದು. ಆಗಲೂ ಅಂಗಡಿಯ ಬಾಡಿಗೆಯನ್ನೂ ಹವಾನಿಯಂತ್ರಣದ ವೆಚ್ಚವನ್ನೂ ಕಳೆದು, ಕೇವಲ ಕತ್ತರಿಯ ಕೆಲಸಕ್ಕೆ ಸಂದ ಹಣವನ್ನು ಹೋಲಿಸಬೇಕು. ಬೆಂಗಳೂರಿನಂತಹ ಊರಿನಲ್ಲಿ ಬಾಡಿಗೆಯೇ ದೊಡ್ಡ ಪಾಲನ್ನು ನುಂಗಬಲ್ಲದು.

ಈ ವಿವರಣೆಗೆ ಪ್ರತಿಸ್ಪರ್ಧಿಯೂ ಉಂಟು. ಜಗದೀಶ್ ಭಗವತಿಯವರು 1984ರಲ್ಲಿ ಬೇರೊಂದು ದಾರಿಯನ್ನು ತೋರಿಸಿದರು. ಬಡ ದೇಶಗಳಲ್ಲಿ ಬಂಡವಾಳ ಕಡಿಮೆ, ದುಡಿಯುವ ಕೈಗಳು ಹೇರಳ. ಆದುದರಿಂದ ಕೂಲಿ ಅಗ್ಗ. ಸೇವೆಗಳಲ್ಲಿ ಯಂತ್ರಕ್ಕಿಂತ ಕೈಕೆಲಸವೇ ಹೆಚ್ಚಾದ್ದರಿಂದ ಅವೂ ಅಗ್ಗ. ಗಿರಣಿಗಳ ಕುಶಲತೆಯಲ್ಲಿ ಭೇದವಿಲ್ಲದಿದ್ದರೂ ಹೀಗಾಗಬಹುದೆಂಬುದು ಅವರ ವಾದ. ನನಗೆ ತೋರುವಂತೆ ನಮ್ಮ ದೇಶದಲ್ಲಿ ಎರಡೂ ಕಾರಣಗಳು ಬೆರೆತಿವೆ. ಬೆಂಗಳೂರಿನಲ್ಲಿ ಕೂಲಿ ಏರಿದೊಡನೆ ಬೇರೆ ಜಿಲ್ಲೆಗಳಿಂದಲೂ ಉತ್ತರದ ರಾಜ್ಯಗಳಿಂದಲೂ ಕತ್ತರಿ ಹಿಡಿಯಬಲ್ಲ ತರುಣರು ರೈಲು ಹತ್ತಿ ಬರುತ್ತಾರೆ. ಕ್ಷೌರವು ಪ್ರಯಾಣ ಮಾಡಲಾರದು, ಕ್ಷೌರಿಕನು ಮಾಡಬಲ್ಲ. ಅವನು ಬರುತ್ತಿರುವವರೆಗೂ ಬಿನ್ನಿಪೇಟೆಯ ಕ್ಷೌರದ ದರ, ಸಾಫ್ಟ್‌ವೇರ್ ಸಂಬಳದ ಹಿಂದೆ ನಿಧಾನವಾಗಿಯೇ ನಡೆಯುವುದು.