ಕುರ್‌ಆನ್ ಮಾತೋ, ಹದೀಸ್ ಮಾತೋ?

ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಸೂಕ್ತಿ. ಮೇ ತಿಂಗಳ ಹಾಳೆಯಲ್ಲಿ ಸ್ವರ್ಗವಿರುವುದು ತಾಯಿಯ ಪಾದದಡಿ ಎಂಬ ಮಾತು ಅಚ್ಚಾಗಿತ್ತು. ಕೆಳಗೆ ‘ಕುರ್‌ಆನ್’ ಅಂತ ಒಂದೇ ಪದ, ಅಧ್ಯಾಯದ ಹೆಸರೂ ಇಲ್ಲ, ಸೂಕ್ತದ ಸಂಖ್ಯೆಯೂ ಇಲ್ಲ. ಅದೇ ವಾರ ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರದಲ್ಲಿ ಇದೇ ಮಾತಿನ ಕೆಳಗೆ ‘ಹದೀಸ್’ ಎಂದಿತ್ತು. ಯಾವುದು ಸರಿ ಎಂದು ಹುಡುಕಲು ಕೂತೆ.

ಕುರ್‌ಆನ್ ಮುಸ್ಲಿಮರ ನಂಬಿಕೆಯಲ್ಲಿ ಅಕ್ಷರಶಃ ಅಲ್ಲಾಹನ ಮಾತು. ಹದೀಸ್ ಎಂದರೆ ಪ್ರವಾದಿ ಮುಹಮ್ಮದರು ಹೇಳಿದ, ಮಾಡಿದ ಅಥವಾ ಕಂಡೂ ಬೇಡವೆನ್ನದ ಸಂಗತಿಗಳನ್ನು ಒಬ್ಬರಿಂದೊಬ್ಬರು ಕೇಳಿ ದಾಟಿಸಿದ ವರದಿ. ಹುಡುಕುವವರಿಗೆ ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಕುರ್‌ಆನ್ ಒಂದೇ ಪುಸ್ತಕ. 114 ಅಧ್ಯಾಯ, ಸಾಮಾನ್ಯವಾಗಿ ಸಿಗುವ ಮುದ್ರಣಗಳ ಲೆಕ್ಕದಲ್ಲಿ 6,236 ಸೂಕ್ತ. ಹೊಸದಾಗಿ ಏನೂ ಸೇರುವುದಿಲ್ಲ. ಹದೀಸ್ ಹಾಗಲ್ಲ. ಬುಖಾರಿ, ಮುಸ್ಲಿಂ, ಅಬೂದಾವೂದ್, ತಿರ್ಮಿದಿ, ನಸಾಈ, ಇಬ್ನುಮಾಜ ಎಂಬ ಆರು ಹೆಸರಾಂತ ಸಂಗ್ರಹಗಳಿವೆ, ಅವುಗಳಾಚೆಗೂ ಎಷ್ಟೋ ಸಂಗ್ರಹಗಳಿವೆ. ಹಾಗಾಗಿ ಒಂದು ಮಾತು ಕುರ್‌ಆನಿನಲ್ಲಿ ಇಲ್ಲ ಎಂದು ಖಡಾಖಂಡಿತವಾಗಿ ಹೇಳಬಹುದು. ಹದೀಸಿನಲ್ಲಿ ಎಲ್ಲೂ ಇಲ್ಲ ಎನ್ನುವುದು ಅಷ್ಟು ಸುಲಭವಲ್ಲ. ಅದಕ್ಕೇ ಹುಡುಕಾಟವನ್ನು ಯಾವಾಗಲೂ ಕುರ್‌ಆನಿನಿಂದ ಶುರು ಮಾಡಬೇಕು.

ಪುಸ್ತಕ ತೆರೆಯುವ ಮೊದಲು ಮಾತನ್ನೇ ಒಮ್ಮೆ ಕಿವಿಗೊಟ್ಟು ಕೇಳಿದರೂ ಸುಳಿವು ಸಿಗುತ್ತದೆ. ಯಾರು ಯಾರಿಗೆ ಹೇಳುತ್ತಿದ್ದಾರೆ? ಕುರ್‌ಆನಿನಲ್ಲಿ ಮಾತಾಡುವವನು ಅಲ್ಲಾಹ. ಬಹಳ ಕಡೆ ‘ನಾವು’ ಎಂದೇ ಹೇಳಿಕೊಳ್ಳುತ್ತಾನೆ, ಪ್ರವಾದಿಯನ್ನು ಉದ್ದೇಶಿಸಿ ‘ಹೇಳಿರಿ’ ಎಂದು ಅಪ್ಪಣೆ ಕೊಡುತ್ತಾನೆ. ಹದೀಸಿನಲ್ಲಿ ಸಾಮಾನ್ಯವಾಗಿ ಒಂದು ಸಂದರ್ಭ ಇರುತ್ತದೆ: ಯಾರೋ ಬಂದರು, ಏನೋ ಕೇಳಿದರು, ಪ್ರವಾದಿ ಉತ್ತರಿಸಿದರು. ಹೆಸರುಗಳೂ ಸುಳಿವೇ. ಪ್ರವಾದಿಯ ಸಂಗಾತಿಗಳಲ್ಲಿ ಕುರ್‌ಆನ್ ಹೆಸರಿಟ್ಟು ಕರೆದಿರುವುದು ಒಬ್ಬರನ್ನು ಮಾತ್ರ, 33ನೇ ಅಧ್ಯಾಯದಲ್ಲಿ ಬರುವ ಝೈದ್ ಅವರನ್ನು. ಹೆಂಗಸರಲ್ಲಿ ಹೆಸರು ಬರುವುದು ಮರ್ಯಮರದ್ದೊಂದೇ. ಅಬೂಬಕರ್, ಅಬೂಹುರೈರಾ, ಆಯಿಶಾ, ಫಾತಿಮಾ ಇಂಥ ಹೆಸರು ಮಾತಿನ ಒಳಗೇ ಇದ್ದರೆ ಅದು ಕುರ್‌ಆನ್ ಅಲ್ಲ, ಮುಂದೆ ಹುಡುಕುವ ಅಗತ್ಯವೂ ಇಲ್ಲ.

ಕ್ಯಾಲೆಂಡರಿನ ಮಾತಿನಲ್ಲಿ ಹೆಸರೂ ಇಲ್ಲ, ‘ಹೇಳಿರಿ’ಯೂ ಇಲ್ಲ. ಹಾಗಾಗಿ ಪದ ಹಿಡಿದು ಹುಡುಕಬೇಕಾಯಿತು. ಇಲ್ಲಿ ಜನ ಎಡವುವ ಜಾಗ ಒಂದಿದೆ. ಕನ್ನಡದ ಅಥವಾ ಇಂಗ್ಲಿಷಿನ ವಾಕ್ಯವನ್ನು ಹಾಗೇ ಟೈಪ್ ಮಾಡಿ, ಏನೂ ಸಿಗಲಿಲ್ಲ ಎಂದು ಕೈಬಿಡುತ್ತಾರೆ. ಒಬ್ಬ ಅನುವಾದಕ ‘ಪಾದ’ ಎಂದದ್ದು ಇನ್ನೊಬ್ಬನಲ್ಲಿ ‘ಕಾಲು’ ಆಗಿರುತ್ತದೆ, ‘ಹೆಜ್ಜೆ’ಯೂ ಆಗಿರಬಹುದು. ಅರಬ್ಬಿ ಧಾತು ಹಿಡಿದು ಹೋದರೆ ಈ ಗೊಂದಲ ಇರುವುದಿಲ್ಲ. ಯಾವ ಧಾತುವಿನ ಪದ ಎಲ್ಲೆಲ್ಲಿ ಬಂದಿದೆ ಎಂಬ ಪಟ್ಟಿ corpus.quran.com ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅರಬ್ಬಿ ಬಾರದವರು ಪಕ್ಕದಲ್ಲಿರುವ ಇಂಗ್ಲಿಷ್ ಅರ್ಥ ನೋಡಿಕೊಂಡು ಹೋಗಬಹುದು.

ಪಾದಕ್ಕೆ ಅರಬ್ಬಿಯಲ್ಲಿ ‘ಕದಮ್’. ಕುರ್‌ಆನಿನಲ್ಲಿ ಆ ನಾಮಪದ ಬರುವುದು ಎಂಟೇ ಕಡೆ. ಹೆಚ್ಚಿನವು ಕಾಲು ಗಟ್ಟಿಯಾಗಿ ಊರುವ ಮಾತು. ‘ಪಾದಗಳ ಅಡಿ’ ಎಂಬುದು ನಿಜಕ್ಕೂ ಒಂದು ಕಡೆ ಇದೆ, 41ನೇ ಅಧ್ಯಾಯದ 29ನೇ ಸೂಕ್ತದಲ್ಲಿ. ನೋಡಿದರೆ ಅಲ್ಲಿ ತಾಯಿಯೂ ಇಲ್ಲ, ಸ್ವರ್ಗವೂ ಇಲ್ಲ. ತಮ್ಮನ್ನು ದಾರಿ ತಪ್ಪಿಸಿದವರನ್ನು ತೋರಿಸು, ಕಾಲಡಿ ಹಾಕಿ ತುಳಿಯುತ್ತೇವೆ ಎಂದು ನರಕಕ್ಕೆ ಬಿದ್ದವರು ಕೇಳುವ ಪ್ರಸಂಗ ಅದು! ಕಾಲಿಗೆ ‘ರಿಜ್ಲ್’ ಎಂಬ ಇನ್ನೊಂದು ಪದವಿದೆ. ಅದನ್ನೂ ತಡಕಾಡಿದೆ, ತಾಯಿಯ ನಂಟು ಅಲ್ಲೂ ಇಲ್ಲ. ತಾಯಿಯ ಬಗ್ಗೆ ಕುರ್‌ಆನ್ ಹೇಳುವುದು ಬೇರೆ ಚಿತ್ರಗಳಲ್ಲಿ. ನಿತ್ರಾಣದ ಮೇಲೆ ನಿತ್ರಾಣ ಸಹಿಸಿ ಹೊತ್ತದ್ದು 31:14ರಲ್ಲಿದೆ, ಹೊರುವುದಕ್ಕೂ ಹಾಲು ಬಿಡಿಸುವುದಕ್ಕೂ ಸೇರಿ ಮೂವತ್ತು ತಿಂಗಳು ಎಂಬ ಲೆಕ್ಕ 46:15ರಲ್ಲಿ. ಅಲ್ಲಿಗೆ ಕ್ಯಾಲೆಂಡರಿನವರು ತಪ್ಪು ಎಂದಾಯಿತು.

ಹಾಗಾದರೆ ಹದೀಸೇ? sunnah.com ತಾಣದಲ್ಲಿ ಹುಡುಕಿದಾಗ ನಸಾಈಯ ಸಂಗ್ರಹದಲ್ಲಿ, ಜಿಹಾದಿನ ಅಧ್ಯಾಯದಲ್ಲಿ, ಒಂದು ಪ್ರಸಂಗ ಸಿಕ್ಕಿತು. ಜಾಹಿಮಾ ಎಂಬವರು ಪ್ರವಾದಿಯ ಬಳಿ ಬಂದು ಯುದ್ಧಕ್ಕೆ ಹೊರಡಬೇಕೆಂದಿದ್ದೇನೆ, ತಮ್ಮ ಸಲಹೆ ಬೇಕು ಎನ್ನುತ್ತಾರೆ. ನಿನಗೆ ತಾಯಿ ಇದ್ದಾಳೆಯೇ ಎಂದು ಪ್ರವಾದಿ ಕೇಳುತ್ತಾರೆ. ಇದ್ದಾಳೆ ಎಂದಾಗ, ಹಾಗಾದರೆ ಅವಳ ಜೊತೆಗೇ ಇರು, ಸ್ವರ್ಗ ಅವಳ ಕಾಲಡಿ ಇದೆ ಎಂಬ ಅರ್ಥದ ಉತ್ತರ. ಇದನ್ನು ದಾಟಿಸಿದವರು ಜಾಹಿಮಾರ ಮಗ ಮುಆವಿಯಾ. ಹೇಳಿದವರು, ಕೇಳಿದವರು, ಸಂದರ್ಭ ಎಲ್ಲವೂ ಇರುವ ಹದೀಸಿನ ಅಚ್ಚುಕಟ್ಟಾದ ಮಾದರಿ ಇದು. ಇಲ್ಲಿ ಕಾಲಿಗೆ ಬಳಸಿರುವುದು ‘ರಿಜ್ಲ್’, ಮಾತು ಒಬ್ಬ ತಾಯಿಯ ಬಗ್ಗೆ. ‘ತಾಯಂದಿರ ಪಾದಗಳಡಿ’ ಎಂದು ಬಹುವಚನದಲ್ಲಿ ಓಡಾಡುವ ಗಾದೆಯಂಥ ಪಾಠ ಬೇರೆ. ಅದಕ್ಕೆ ಬೇರೆಯೇ ವರದಿ ಇದೆ, ಅದು ದುರ್ಬಲ ಎಂಬುದು ಹದೀಸ್ ವಿದ್ವಾಂಸರ ಅಭಿಪ್ರಾಯ. ಅರ್ಥ ಒಂದೇ ಎಂದು ನಾವು ತಲೆಯಾಡಿಸಬಹುದು, ಹದೀಸ್ ಪಂಡಿತರು ಮಾತ್ರ ಎರಡನ್ನೂ ಬೇರೆ ಬೇರೆಯಾಗಿಯೇ ತೂಗುತ್ತಾರೆ.

ನಿಜವಾಗಿ ಕಷ್ಟ ಕೊಡುವುದು ಹದೀಸ್ ಕುದ್ಸಿ ಎಂಬ ಬಗೆ. ಇದರಲ್ಲಿ ಪ್ರವಾದಿಯೇ ‘ಅಲ್ಲಾಹ ಹೀಗೆ ಹೇಳಿದ್ದಾನೆ’ ಎಂದು ತಿಳಿಸುತ್ತಾರೆ. ಮಾತಾಡುವವನು ಅಲ್ಲಾಹ, ಧಾಟಿಯೂ ‘ನಾನು’, ‘ನನ್ನ ದಾಸ’ ಎಂಬುದೇ. ಆದರೂ ಅದು ಕುರ್‌ಆನಿನ ಭಾಗವಲ್ಲ, ನಮಾಜಿನಲ್ಲಿ ಕುರ್‌ಆನಿನ ಜಾಗದಲ್ಲಿ ಓದುವಂತಿಲ್ಲ. ಮೇಲೆ ಹೇಳಿದ ‘ಯಾರು ಮಾತಾಡುತ್ತಿದ್ದಾರೆ’ ಎಂಬ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ನನ್ನ ಕರುಣೆ ನನ್ನ ಕೋಪವನ್ನು ಮೀರಿದೆ ಎಂಬ ಅರ್ಥದ ಮಾತನ್ನೇ ತೆಗೆದುಕೊಳ್ಳಿ, ಓದಿದ ಕೂಡಲೇ ಕುರ್‌ಆನ್ ಅನಿಸುತ್ತದೆ. ಅದು ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳಲ್ಲಿರುವ ಹದೀಸ್ ಕುದ್ಸಿ. ನನ್ನ ಕರುಣೆ ಎಲ್ಲವನ್ನೂ ವ್ಯಾಪಿಸಿದೆ ಎಂಬ ಅರ್ಥದ್ದು ಮಾತ್ರ ಕುರ್‌ಆನ್, 7:156. ಎರಡನ್ನೂ ಕನ್ನಡಿಸಿ ಅಕ್ಕಪಕ್ಕ ಇಟ್ಟರೆ ಧಾಟಿ ನೋಡಿ ಬೇರ್ಪಡಿಸಲು ಯಾರಿಗೂ ಆಗದು. 6,236ರಲ್ಲಿ ಇದೆಯೋ ಇಲ್ಲವೋ ಎಂದು ನೋಡುವುದೊಂದೇ ದಾರಿ.

ಎರಡೂ ಅಲ್ಲದ ಮಾತುಗಳಿಗೂ ಕೊರತೆಯಿಲ್ಲ. ಸ್ವದೇಶಪ್ರೇಮ ಈಮಾನಿನ ಅಂಗ ಎಂಬುದನ್ನು ಭಾಷಣಗಳಲ್ಲಿ ಹದೀಸ್ ಎಂದು ಹೇಳುವುದುಂಟು. ಕುರ್‌ಆನಿನಲ್ಲಿ ಅದಿಲ್ಲ, ಪ್ರವಾದಿಯ ಮಾತಾಗಿ ಅದಕ್ಕೆ ಆಧಾರವಿಲ್ಲವೆಂದು ಹದೀಸ್ ವಿಮರ್ಶಕರು ಬಹಳ ಹಿಂದೆಯೇ ಹೇಳಿದ್ದಾರೆ. ಚೀನಾಕ್ಕೆ ಹೋಗಿಯಾದರೂ ವಿದ್ಯೆ ಕಲಿಯಿರಿ ಎಂಬ ಪ್ರಸಿದ್ಧ ಮಾತು ಆರು ಸಂಗ್ರಹಗಳಲ್ಲಿ ಒಂದರಲ್ಲೂ ಇಲ್ಲ. ಬೇರೆ ಗ್ರಂಥಗಳಲ್ಲಿ ಸಿಕ್ಕರೂ ಇಬ್ನುಲ್ ಜೌಝಿಯಂಥವರು ಅದನ್ನು ಕಟ್ಟುಕಥೆಗಳ ಪಟ್ಟಿಗೆ ಸೇರಿಸಿದ್ದಾರೆ.

ಇಂಥ ಮಾತನ್ನು ಮುಂದಕ್ಕೆ ಕಳಿಸುವಾಗ ‘ಕುರ್‌ಆನ್’ ಎಂಬ ಒಂದೇ ಪದ ಸಾಲದು, ಅಧ್ಯಾಯ ಮತ್ತು ಸೂಕ್ತದ ಸಂಖ್ಯೆ ಹಾಕಿ. ಹದೀಸಾದರೆ ಸಂಗ್ರಹದ ಹೆಸರು, ಅಧ್ಯಾಯ, ವರದಿ ಮಾಡಿದವರ ಹೆಸರು ಬರೆಯಿರಿ. ಬರೀ ಸಂಖ್ಯೆ ನಂಬಿದರೆ ಕೆಲವೊಮ್ಮೆ ಮೋಸ, ಮುದ್ರಣದಿಂದ ಮುದ್ರಣಕ್ಕೆ ಅದು ಬದಲಾಗುತ್ತದೆ. ನಮ್ಮ ಮನೆಯ ಮೇ ತಿಂಗಳ ಹಾಳೆಯಲ್ಲಿ ‘ಕುರ್‌ಆನ್’ ಹೊಡೆದುಹಾಕಿ ಪೆನ್ನಿನಲ್ಲಿ ಬರೆದಿದ್ದೇನೆ: ನಸಾಈ, ಜಿಹಾದಿನ ಅಧ್ಯಾಯ, ಮುಆವಿಯಾ ಬಿನ್ ಜಾಹಿಮಾ.