ತೆರೆಯ ಕೆಳಗಿನ ಕನ್ನಡ

ಫ್ರೆಂಚ್ ಸಾಕ್ಷ್ಯಚಿತ್ರವೊಂದರಲ್ಲಿ ಮುದುಕ ಬೆಸ್ತನೊಬ್ಬ ‘ನಾನು ಇನ್ನು ಕಡಲಿಗೆ ಇಳಿಯುವುದಿಲ್ಲ’ ಎಂದು, ಎರಡು ಸೆಕೆಂಡು ತಡೆದು, ‘ಏಕೆಂದರೆ ನನ್ನ ಮಗ ಅಲ್ಲಿ ಮುಳುಗಿದ’ ಎನ್ನುತ್ತಾನೆಂದು ಇಟ್ಟುಕೊಳ್ಳಿ. ಕಾರಣವನ್ನು ಮೊದಲು ಹೇಳುವುದು ನಮ್ಮ ವಾಕ್ಯದ ಜಾಯಮಾನ: ‘ಮಗ ಮುಳುಗಿದ್ದರಿಂದ ಇಳಿಯುವುದಿಲ್ಲ.’ ವ್ಯಾಕರಣಕ್ಕೇನೋ ಒಪ್ಪಿತು. ಆದರೆ ಮುದುಕ ಹೇಳುವ ಮೊದಲೇ ಸಾವಿನ ಸುದ್ದಿ ತೆರೆಗೆ ಬಂದುಬಿಟ್ಟಿತು! ಆದ್ದರಿಂದ ಅಡಿಬರಹ ಎರಡಾಗಬೇಕು. ಮೊದಲ ಮಾತಿನೊಡನೆ ‘ಇನ್ನು ಕಡಲಿಗೆ ಇಳಿಯಲಾರೆ.’ ಮೌನದಲ್ಲಿ ತೆರೆಯ ಅಡಿ ಬರಿದಾಗಿರಲಿ. ಎರಡನೆಯ ಮಾತು ಹೊರಟ ಕ್ಷಣ ‘ಮಗ ಅಲ್ಲೇ ಮುಳುಗಿದ.’ ಕ್ರಿಯಾಪದದಲ್ಲೇ ‘ನಾನು’ ಅಡಗಿದೆ. ‘ಏಕೆಂದರೆ’ಯ ಕೆಲಸವನ್ನು ಮೌನವೇ ಮಾಡುತ್ತದೆ. ಅಳತೆಗೆ ಗಣಕಯಂತ್ರದ ಎಣಿಕೆಯನ್ನು ನೆಚ್ಚಬೇಡಿ: ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದಕ್ಕೆ ಆರು! ನಾನು ಚಿತ್ರದೊಡನೆ ಗಟ್ಟಿಯಾಗಿ ಓದಿ ನೋಡುತ್ತೇನೆ. ಮುದುಕನಿಗಿಂತ ಹಿಂದೆ ಬಿದ್ದರೆ ಇನ್ನೊಂದು ಪದವನ್ನು ತೆಗೆಯುತ್ತೇನೆ.